ಹೆಸರು ಹೇಳಿದ ಮಾತ್ರಕ್ಕೆ ಇಳಕಲ್ ಸೀರೆ ಬಾರದು

ಕಾಲೇಜೊಂದರ ಫ್ಯಾಶನ್ ಕ್ಲಬ್ಬಿನ ವಿದ್ಯಾರ್ಥಿನಿ ಹೊಸಬರಿಗಾಗಿ ಮಾಡಿದ ಪುಟ್ಟ ಭಾಷಣವೊಂದನ್ನು ಕೇಳಿದೆ. ಫೋಟೊದಲ್ಲಿರುವ ಉಡುಪನ್ನು ಎಐ ಬಳಸಿ ಬದಲಿಸಲು ಪ್ರಾಂಪ್ಟ್ ಬರೆಯುವುದು ಹೇಗೆ ಎಂಬುದು ವಿಷಯ. 2025ರ ಸೆಪ್ಟೆಂಬರಿನಲ್ಲಿ ಜೆಮಿನಿಯ ‘ನ್ಯಾನೊ ಬನಾನಾ’ದಲ್ಲಿ ಸೀರೆಯುಟ್ಟ ಚಿತ್ರ ಮಾಡಿಸಿಕೊಳ್ಳುವ ಹುಚ್ಚು ಹಬ್ಬಿದಾಗ ಬಹಳ ಮಂದಿ ಯಾರೋ ಬರೆದ ಪ್ರಾಂಪ್ಟನ್ನೇ ಅಂಟಿಸುತ್ತಿದ್ದರು. ಈಕೆ ಸ್ವಂತವಾಗಿ ಬರೆಯಲು ಕಲಿಸಿದ್ದು ನನಗೆ ಹಿಡಿಸಿತು.

ಆಕೆಯ ಮೊದಲ ಸಲಹೆಯೇ ಸೊಗಸಾಗಿದೆ: ಬದಲಾಗಬಾರದ್ದನ್ನು ಮೊದಲು ಬರೆಯಿರಿ. ಮುಖ, ಕೂದಲು, ನಿಂತ ಭಂಗಿ, ಬೆಳಕು, ಹಿನ್ನೆಲೆ ಹಾಗೆಯೇ ಇರಲಿ ಎನ್ನದೆ ಬರೀ ‘ಸೀರೆ ಉಡಿಸು’ ಎಂದರೆ ಮೂಗು ನೇರವಾಗಬಹುದು, ಮೈಬಣ್ಣ ತಿಳಿಯಾಗಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಕೇಳಿ ಎಂಬ ಎರಡನೆಯ ಮಾತೂ ಸರಿ. ಆದರೆ ಅದನ್ನು ಅರ್ಧಕ್ಕೆ ಬಿಟ್ಟಳು. ತಿದ್ದಿದ ಚಿತ್ರವನ್ನೇ ಮತ್ತೆ ಮತ್ತೆ ತಿದ್ದುತ್ತ ಹೋದರೆ ಪ್ರತಿ ಸುತ್ತಿನಲ್ಲೂ ಮುಖ ಒಂದಿಷ್ಟು ಜಾರುತ್ತದೆ. ಒಂದೊಂದಾಗಿ ಪರೀಕ್ಷಿಸಿ, ಸರಿಹೋದ ಮಾತುಗಳನ್ನೆಲ್ಲ ಒಟ್ಟುಗೂಡಿಸಿ, ಮೂಲ ಫೋಟೊಗೆ ಮರಳಿ ಒಂದೇ ಸಲ ಕೊಡಬೇಕು.

ಭಾಷಣ ನಿಜವಾಗಿ ಸೋತದ್ದು ‘ಬಟ್ಟೆಯ ಹೆಸರನ್ನು ಸ್ಪಷ್ಟವಾಗಿ ಹೇಳಿ’ ಎಂಬಲ್ಲಿ. ಆಕೆ ಕೊಟ್ಟ ಉದಾಹರಣೆ ಇಳಕಲ್ ಸೀರೆ. ಪರದೆಯ ಮೇಲೆ ಬಂದದ್ದು ಒಡಲಿನಿಂದ ಸೆರಗಿನವರೆಗೆ ಜರಿ ಹೊಳೆಯುವ, ಕಂಚಿ ರೇಷ್ಮೆಯಂಥ ಸೀರೆ. ಸಭೆ ಚಪ್ಪಾಳೆ ತಟ್ಟಿತು. ಆದರೆ ಇಳಕಲ್ಲಿನ ಗುರುತು ಜರಿಯಲ್ಲ, ಅದರ ಸೆರಗು. ಸಾಂಪ್ರದಾಯಿಕ ಟೋಪ್ ತೆನಿ ಸೆರಗಿನಲ್ಲಿ ಕೆಂಪು ರೇಷ್ಮೆಯ ನಡುವೆ ಬಿಳಿ ವಿನ್ಯಾಸದ ಪಟ್ಟಿಗಳಿರುತ್ತವೆ. ಒಡಲಿನ ಹಾಸು ನೂಲುಗಳನ್ನು ಸೆರಗಿನ ರೇಷ್ಮೆ ನೂಲುಗಳಿಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹೆಸರಿನ ಜೊತೆ ಇದನ್ನೂ ಬರೆಯಬೇಕಿತ್ತು: ‘ಕಡುನೀಲಿ ಹತ್ತಿಯ ಒಡಲು, ಸಣ್ಣ ಚೌಕಳಿ, ಅಗಲವಾದ ಕೆಂಪು ಅಂಚು, ಕೆಂಪು ರೇಷ್ಮೆ ಸೆರಗು, ಅದರಲ್ಲಿ ಬಿಳಿ ಪಟ್ಟಿಗಳು, ಮಂದ ಹೊಳಪು.’ ‘ಜರಿ ಬೇಡ’ ಎಂದು ಬರೆಯುವುದು ಅಪಾಯ. ಬೇಡವೆಂದು ಹೆಸರಿಸಿದ್ದನ್ನೇ ಇಂಥ ಸಾಧನಗಳು ಎಷ್ಟೋ ಸಲ ಎಳೆದು ತರುತ್ತವೆ.

ಬಂದ ಚಿತ್ರವನ್ನು ಹಿಗ್ಗಿಸಿ ನೋಡಲು ಆಕೆ ಹೇಳಲೇ ಇಲ್ಲ. ನೆರಿಗೆಯಿಂದ ನೆರಿಗೆಗೆ ಅಂಚು ಮುಂದುವರಿದಿದೆಯೇ, ಸೆರಗು ಭುಜದ ಹಿಂದೆ ಎಲ್ಲಿಗೆ ಹೋಯಿತು, ಸೆರಗು ಹಿಡಿದ ಕೈಯ ಬೆರಳುಗಳು ಬಟ್ಟೆಯಲ್ಲಿ ಕರಗಿವೆಯೇ? ತಪ್ಪು ಸಿಕ್ಕುವುದು ಸಾಮಾನ್ಯವಾಗಿ ಈ ಮೂರು ಕಡೆ.

‘ಮಾಡಬೇಡಿ’ ಪಟ್ಟಿಯಲ್ಲಿ ಅನುಮತಿಯಿಲ್ಲದೆ ಬೇರೆಯವರ ಫೋಟೊ ಬಳಸಬೇಡಿ ಎಂಬುದು ಕೊನೆಗೆ, ಒಂದೇ ವಾಕ್ಯದಲ್ಲಿ ಬಂತು. ಅದು ಮೊದಲು ಬರಬೇಕಿತ್ತು, ಬಿಡಿಸಿಯೂ ಹೇಳಬೇಕಿತ್ತು. ಗೆಳತಿ ಸೀರೆಗೆ ಒಪ್ಪಿದ್ದರೆ ಈಜುಡುಗೆಗೂ ಒಪ್ಪಿದಳೆಂದಲ್ಲ. ಚಿತ್ರ ಮಾಡಲು ಒಪ್ಪಿದ್ದರೆ ಇನ್‌ಸ್ಟಾಗ್ರಾಮಿಗೆ ಹಾಕಲೂ ಒಪ್ಪಿದಳೆಂದಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಅನುಮತಿ ಕೇಳಬೇಕೆಂದು ಆ ಕೋಣೆಯಲ್ಲಿದ್ದ ಹೊಸಬರಿಗೆ ಯಾರೂ ಹೇಳಲಿಲ್ಲ.