ಕಿಟಕಿ ಬಾಗಿಲು ಕಳೆದೇ ಬಣ್ಣ ಕೊಳ್ಳಬೇಕು

ಮನೆಗೆ ಬಣ್ಣ ಹೊಡೆಸಲು ಹೊರಟವರಿಗೆ ಎಲ್ಲ ಕಡೆಯಿಂದಲೂ ಒಂದೇ ಸಲಹೆ ಬರುತ್ತದೆ. "ಗೋಡೆ ಪೂರ್ತಿ ಅಳೆದುಬಿಡಿ. ಕಿಟಕಿ ಬಾಗಿಲು ಕಳೆಯೋದು ಬೇಡ, ಅದು ವೇಸ್ಟೇಜಿಗೆ ಸರಿಹೋಗುತ್ತೆ." ಮೇಸ್ತ್ರಿ ಹೀಗೆ ಹೇಳುತ್ತಾರೆ, ಬಣ್ಣದ ಅಂಗಡಿಯವರು ತಲೆಯಾಡಿಸುತ್ತಾರೆ, ಹೋದ ವರ್ಷ ಬಣ್ಣ ಹೊಡೆಸಿದ ಪಕ್ಕದ ಮನೆಯವರೂ ಅದನ್ನೇ ಹೇಳುತ್ತಾರೆ. ಇಷ್ಟು ಜನ ಹೇಳಿದ ಮೇಲೆ ಅದು ನಿಯಮದಂತೆಯೇ ಕೇಳಿಸುತ್ತದೆ. ಆದರೆ ಕೂಲಿ ಕೊಡಲು ಹುಟ್ಟಿದ ಪದ್ಧತಿಯನ್ನು ಬಣ್ಣ ಕೊಳ್ಳುವ ಲೆಕ್ಕಕ್ಕೆ ಅಂಟಿಸಿದ್ದರಿಂದ ಬಂದ ತಪ್ಪು ಇದು ಎಂಬುದು ನನ್ನ ವಾದ. ಇನ್ನೂ ದೊಡ್ಡ ತಪ್ಪೊಂದು ಇದರ ಮರೆಯಲ್ಲಿ ಕುಳಿತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಪದ್ಧತಿಯ ಬೇರು ನೋಡೋಣ. ಕಟ್ಟಡ ಕೆಲಸಗಳ ಅಳತೆಗೆ ನಮ್ಮಲ್ಲಿ ಐಎಸ್ 1200 ಎಂಬ ಭಾರತೀಯ ಮಾನಕ ಇದೆ. ಅದರ 13ನೇ ಭಾಗ ಸುಣ್ಣ, ಡಿಸ್ಟೆಂಪರ್, ಬಣ್ಣದ ಕೆಲಸಗಳಿಗೆ ಸೇರಿದ್ದು. ಅರ್ಧ ಚದರ ಮೀಟರಿಗಿಂತ ಚಿಕ್ಕದಾದ ತೆರಪನ್ನು ಕಳೆಯಬೇಕಾಗಿಲ್ಲ ಎನ್ನುತ್ತದೆ ಅದು. ಅರ್ಧದಿಂದ 3 ಚದರ ಮೀಟರ್ ತನಕದ ತೆರಪನ್ನು, ಗೋಡೆಯ ಎರಡೂ ಮುಖಕ್ಕೆ ಒಂದೇ ಬಗೆಯ ಕೆಲಸವಾಗಿದ್ದರೆ, ಒಂದು ಮುಖದಲ್ಲಿ ಮಾತ್ರ ಕಳೆಯಬೇಕು. ಕಿಟಕಿಯ ಒಳಬದಿಯ ಗಿಲಾವಿನ ಅಂಚುಗಳನ್ನು ಪ್ರತ್ಯೇಕವಾಗಿ ಸೇರಿಸುವಂತಿಲ್ಲ. 3 ಚದರ ಮೀಟರಿಗಿಂತ ದೊಡ್ಡದಾದರೆ ಎರಡೂ ಮುಖದಲ್ಲಿ ಕಳೆದು, ಅಂಚುಗಳನ್ನು ಅಳೆದು ಸೇರಿಸಬೇಕು. ಮೂರಡಿ ಅಗಲ ಏಳಡಿ ಎತ್ತರದ ನಮ್ಮ ಸಾಮಾನ್ಯ ಬಾಗಿಲು ಎರಡು ಚದರ ಮೀಟರಿನ ಆಸುಪಾಸಿನದು. ಅಂದರೆ ಈ ಮಾನಕದ ಪ್ರಕಾರವೂ ಅದನ್ನು ಒಂದು ಮುಖದಲ್ಲಿ ಕಳೆಯಲೇಬೇಕು. "ಏನನ್ನೂ ಕಳೆಯಬೇಡಿ" ಎಂಬ ಮಾತು ಮಾನಕ ಹೇಳಿದ್ದಕ್ಕಿಂತಲೂ ಮುಂದೆ ಹೋಗಿಬಿಟ್ಟಿದೆ.

ಆದರೂ ಮಾನಕದ ಹಿಂದೆ ನ್ಯಾಯವಿದೆ. ಖಾಲಿ ಗೋಡೆಯ ಮೇಲೆ ರೋಲರ್ ಎಳೆಯುವುದು ಸಲೀಸು. ಕಿಟಕಿಯ ಚೌಕಟ್ಟಿಗೆ ತಾಗದಂತೆ ಬ್ರಷ್ಷಿನಲ್ಲಿ ಅಂಚು ಬಿಡಿಸುವುದು, ಗ್ರಿಲ್ಲಿಗೆ ಹಾಳೆ ಹೊದಿಸುವುದು, ಬಿದ್ದ ಹನಿ ಒರೆಸುವುದು ಹೊತ್ತು ಹಿಡಿಯುವ ಕೆಲಸ. ತೆರಪು ಇದ್ದಲ್ಲಿ ಬಣ್ಣ ಕಡಿಮೆ ಹೋಗುತ್ತದೆ, ಕೈಕೆಲಸ ಹೆಚ್ಚುತ್ತದೆ. ಹಾಗಾಗಿ ಪೇಂಟರಿಗೆ ಕಿಟಕಿ ಕಳೆಯದೆ ಕೂಲಿ ಕೊಡುವುದು ಸರಿಯೆಂದೇ ನಾನೂ ಹೇಳುತ್ತೇನೆ. ಕೂಲಿಗೆ ಸರಿಯಾದದ್ದು ಲೀಟರಿಗೂ ಸರಿಯಾಗಬೇಕು ಎಂದರೆ ಮಾತ್ರ ಒಪ್ಪಲಾರೆ. ಇಲ್ಲದ ಗೋಡೆ ಬಣ್ಣ ಕುಡಿಯುವುದಿಲ್ಲ.

ಈಗಿನ ಅಪಾರ್ಟ್‌ಮೆಂಟಿನ ಮಲಗುವ ಕೋಣೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಉದ್ದ 12 ಅಡಿ, ಅಗಲ 10 ಅಡಿ, ಎತ್ತರ 10 ಅಡಿ. ಸುತ್ತಳತೆ 44 ಅಡಿಯಾದ್ದರಿಂದ ನಾಲ್ಕು ಗೋಡೆ ಸೇರಿ 440 ಚದರ ಅಡಿ. ಕೋಣೆಯ ಬಾಗಿಲು 3 ಅಡಿಗೆ 7, ಅಂದರೆ 21. ಸ್ನಾನದ ಮನೆಯ ಬಾಗಿಲು ಎರಡೂವರೆಗೆ 7, ಅಂದರೆ ಹದಿನೇಳೂವರೆ. ಕಿಟಕಿ 5ಕ್ಕೆ 4, ಅಂದರೆ 20. ಇವಿಷ್ಟು ಎಲ್ಲರ ಕಣ್ಣಿಗೂ ಬೀಳುತ್ತವೆ. ಯಾರ ಲೆಕ್ಕಕ್ಕೂ ಬಾರದೆ ಉಳಿಯುವುದು ವಾರ್ಡ್‌ರೋಬ್. 7 ಅಡಿ ಅಗಲದ್ದು, ಮೇಲಿನ ಲಾಫ್ಟ್ ಸೇರಿ ಸೀಲಿಂಗಿನ ತನಕ ಹೋಗಿದ್ದರೆ ಅದೊಂದೇ 70 ಚದರ ಅಡಿ ಗೋಡೆಯನ್ನು ಮುಚ್ಚಿರುತ್ತದೆ. ಕೆಳಗೆ ನಾಲ್ಕಿಂಚಿನ ಸ್ಕರ್ಟಿಂಗ್ ಟೈಲ್ಸ್ ಇದೆ; ಬಾಗಿಲು, ವಾರ್ಡ್‌ರೋಬ್ ಇರುವ ಕಡೆ ಬಿಟ್ಟರೂ ಹತ್ತೂವರೆ ಚದರ ಅಡಿ. ಎಲ್ಲ ಕೂಡಿದರೆ 139. ಕಿಟಕಿಯ ಒಳಬದಿಯಲ್ಲಿ, ಕೆಳಗಿನ ಗ್ರಾನೈಟ್ ಬಿಟ್ಟು, ಮೇಲಿನ ಮತ್ತು ಅಕ್ಕಪಕ್ಕದ ಅಂಚುಗಳಿಗೆ ಬಣ್ಣ ಬೇಕು. ಅದನ್ನು 5 ಚದರ ಅಡಿ ಎಂದು ವಾಪಸು ಸೇರಿಸೋಣ. ಬಣ್ಣ ತಾಗುವ ಗೋಡೆ 306 ಚದರ ಅಡಿ.

440ಕ್ಕೂ 306ಕ್ಕೂ ನಡುವಿನ ಅಂತರ ನೂರಕ್ಕೆ ಮೂವತ್ತು. ಇದನ್ನು ವೇಸ್ಟೇಜ್ ಎಂದು ಯಾರಾದರೂ ಒಪ್ಪುತ್ತಾರೆಯೇ?

ಒಂದು ಮಾತು ಒಪ್ಪಿಕೊಳ್ಳಬೇಕು. ಇದೇ ಅಳತೆಯ ಕೋಣೆಯಲ್ಲಿ ಒಂದು ಬಾಗಿಲು, 3 ಅಡಿಗೆ 4 ಅಡಿಯ ಚಿಕ್ಕ ಕಿಟಕಿ ಮಾತ್ರ ಇದ್ದರೆ ತೆರಪು 33 ಚದರ ಅಡಿ, ಏಳೂವರೆ ಪ್ರತಿಶತ. ಗೋಡೆಗೆ ಕಟ್ಟಿದ ಕಪಾಟಿಲ್ಲದ ಹಳೆಯ ಮನೆಗಳಲ್ಲಿ ಕಳೆಯದೆ ಲೆಕ್ಕ ಹಾಕಿದ್ದು ಹೆಚ್ಚುಕಡಿಮೆ ಹೊಂದಿಕೊಂಡದ್ದು ಹೀಗೆ. ಅದು ಆ ಕೋಣೆಗಳ ಗುಣ, ನಿಯಮದ ಗುಣವಲ್ಲ. ಬಣ್ಣ ನಷ್ಟವಾಗುವುದು ರೋಲರಿನ ಉಣ್ಣೆಯಲ್ಲಿ, ಬಕೆಟಿನ ಒಳಮೈಗೆ ಅಂಟಿಕೊಂಡು, ನೆಲಕ್ಕೆ ಹಾಸಿದ ಹಾಳೆಯ ಮೇಲೆ ಬಿದ್ದು. ಕೋಣೆಗೆ ಎಷ್ಟು ಕಿಟಕಿ ಇವೆ ಎಂಬುದು ರೋಲರಿಗೆ ಗೊತ್ತಿಲ್ಲ. ಗಾಜಿನ ದೊಡ್ಡ ಬಾಗಿಲಿರುವ ಹಾಲಿನಲ್ಲಿ ನಷ್ಟ ಹೆಚ್ಚು, ಕಿಟಕಿಯೇ ಇಲ್ಲದ ಪ್ಯಾಸೇಜಿನಲ್ಲಿ ನಷ್ಟವೇ ಇಲ್ಲ ಎನ್ನುವಂತಾಗುತ್ತದೆ ಈ ನಿಯಮ. ನಷ್ಟಕ್ಕೆ ಇಂತಿಷ್ಟು ಎಂದು ನೇರವಾಗಿ ಸೇರಿಸಿದರೆ ಆಯಿತು. ಅದನ್ನು ಕಿಟಕಿಯಲ್ಲಿ ಬಚ್ಚಿಡುವುದೇಕೆ?

ಈಗ ಮರೆಯಲ್ಲಿರುವ ದೊಡ್ಡ ತಪ್ಪಿಗೆ ಬರೋಣ. ಬಾಗಿಲು ಕಳೆಯಬೇಕೋ ಬೇಡವೋ ಎಂದು ಅಷ್ಟು ಹೊತ್ತು ಚರ್ಚಿಸುವವರು ಡಬ್ಬದ ಮೇಲಿನ ಒಂದು ಸಾಲನ್ನು ಸರಿಯಾಗಿ ಓದುವುದಿಲ್ಲ. ಲೀಟರಿಗೆ ಎಷ್ಟು ಚದರ ಅಡಿ ಎಂದು ಅಲ್ಲಿ ಬರೆದಿರುತ್ತದೆ. ಆ ಸಂಖ್ಯೆ ಒಂದು ಕೋಟಿಗೋ, ಎರಡು ಕೋಟಿಗೋ? 130 ಚದರ ಅಡಿ, ಎರಡು ಕೋಟ್ ಎಂದು ಇದೆ ಎಂದುಕೊಳ್ಳಿ. ಅದನ್ನು ಒಂದೇ ಕೋಟಿನದೆಂದು ತಿಳಿದು ಎರಡರಿಂದ ಗುಣಿಸಿದವರು ನಮ್ಮ 440 ಚದರ ಅಡಿಗೆ ಸುಮಾರು 6.8 ಲೀಟರ್ ತರುತ್ತಾರೆ. ಇನ್ನೊಂದು ಡಬ್ಬದಲ್ಲಿ ಒಂದು ಕೋಟಿಗೆ 260 ಎಂದಿರುತ್ತದೆ. ಅದನ್ನು ಎರಡೂ ಕೋಟಿಗೆ ಸೇರಿದ್ದೆಂದು ನಂಬಿದವರು 1.7 ಲೀಟರ್ ತಂದು, ಎರಡನೇ ಕೋಟಿನ ನಡುವೆ ನಿಂತುಬಿಡುತ್ತಾರೆ. ಗೋಡೆ ಒಂದೇ, ಬಣ್ಣದ ಗುಣವೂ ಒಂದೇ. ಲೆಕ್ಕದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ.

ಸರಿಯಾಗಿ ಓದಿದರೂ ಆ ಸಂಖ್ಯೆ ನಯವಾದ, ಪ್ರೈಮರ್ ಕುಡಿದು ತಣಿದ ಗೋಡೆಗೆ ಸೇರಿದ್ದು. ಲೀಟರಿಗೆ 130 ಚದರ ಅಡಿ ಎಂದರೆ ಎರಡು ಕೋಟ್ ಸೇರಿ, ಬೆರೆಸಿದ ನೀರು ಬಿಟ್ಟು, ಹಸಿ ಬಣ್ಣದ ದಪ್ಪ 83 ಮೈಕ್ರಾನ್. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಅಲ್ಲ. ಒಣಗಿದ ಮೇಲೆ ಅದರಲ್ಲಿ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಸ್ಪಂಜ್ ಫಿನಿಶ್ ಗಿಲಾವಿನ ಮರಳಿನ ಗುಂಡಿಗಳು ತುಂಬಲಿಕ್ಕೇ ಇದು ಸಾಲದು. ಪುಟ್ಟಿಯ ಮೇಲೆ ಪ್ರೈಮರ್ ಹಾಕದೆ ಎಮಲ್ಷನ್ ಹಚ್ಚಿದರೂ ಅಷ್ಟೇ, ಮೊದಲ ಕೋಟನ್ನು ಪುಟ್ಟಿಯೇ ಹೀರಿಬಿಡುತ್ತದೆ. ಬಣ್ಣ ಸಾಲುತ್ತಿಲ್ಲ ಎಂದು ಗೊತ್ತಾದಾಗ ಕೆಲವರು ನೀರು ಹೆಚ್ಚು ಬೆರೆಸಿ ಸರಿದೂಗಿಸುತ್ತಾರೆ. ಅದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ರೋಲರ್ ಎತ್ತಿದಾಗ ಬಣ್ಣ ಸಣ್ಣ ಹನಿಗಳಾಗಿ ಸಿಡಿಯುತ್ತದೆ, ಗೋಡೆಯ ಮೇಲೆ ಗೆರೆಯಾಗಿ ಇಳಿಯುತ್ತದೆ. ಒಣಗಿದ ಮೇಲೆ ರಾತ್ರಿ ಟ್ಯೂಬ್‌ಲೈಟ್ ಹಾಕಿ ಗೋಡೆಗೆ ಕೆನ್ನೆ ಹಚ್ಚಿ ನೋಡಿದರೆ ಪುಟ್ಟಿಯ ತೇಪೆಗಳು ಬಿಳಿಚಿಕೊಂಡು ಕಾಣುತ್ತವೆ.

ಒಂದು ಕೋಟಿನ ಲೆಕ್ಕವನ್ನು ಎರಡು ಕೋಟಿಗೆಂದು ಎರಡರಿಂದ ಗುಣಿಸುವುದೂ ತಪ್ಪೇ. ಕಾರಣ, ಎರಡನೆಯ ಕೋಟ್ ಮೊದಲಿನಷ್ಟು ಬಣ್ಣ ತೆಗೆದುಕೊಳ್ಳುವುದಿಲ್ಲ. ಎಷ್ಟು ಕಡಿಮೆ ಎಂಬುದನ್ನು ಡಬ್ಬ ಹೇಳಲಾರದು, ನಿಮ್ಮ ಗೋಡೆಯೇ ಹೇಳಬೇಕು. ಅದಕ್ಕೊಂದು ದಾರಿಯಿದೆ. ಮೊದಲು ಒಂದೇ ಲೀಟರ್ ತನ್ನಿ. ಗೋಡೆಯ ಮೇಲೆ 10 ಅಡಿ ಅಗಲ, 5 ಅಡಿ ಎತ್ತರದ ಜಾಗವನ್ನು ಪೆನ್ಸಿಲಿನಲ್ಲಿ ಗುರುತಿಸಿ. ಡಬ್ಬ ಹೇಳಿದಷ್ಟೇ ನೀರು ಬೆರೆಸಿ. ಲೀಟರಿಗೆ 400 ಮಿಲಿ ಎಂದಿದ್ದರೆ ಮಿಶ್ರಣ 1400 ಮಿಲಿ ಆಗುತ್ತದೆ. ಗುರುತಿಸಿದ ಜಾಗಕ್ಕೆ ಹಚ್ಚಿದ ಮೇಲೆ ಉಳಿದದ್ದನ್ನು ಅಳತೆಯ ಮಗ್ಗಿನಲ್ಲಿ ಅಳೆಯಿರಿ. ರೋಲರನ್ನು ಮೊದಲೇ ಬಣ್ಣದಲ್ಲಿ ನೆನೆಸಿಟ್ಟು ಅಳತೆ ಶುರು ಮಾಡಬೇಕು, ಇಲ್ಲದಿದ್ದರೆ ಅದು ಕುಡಿದದ್ದೂ ಗೋಡೆಯ ಲೆಕ್ಕಕ್ಕೆ ಸೇರುತ್ತದೆ. ಮಿಶ್ರಣ 350 ಮಿಲಿ ಹೋಗಿದ್ದರೆ ಅದರಲ್ಲಿ ಬಣ್ಣ 250 ಮಿಲಿ. ಪೂರ್ತಿ ಒಣಗಲು ಬಿಟ್ಟು ಅದೇ ಜಾಗಕ್ಕೆ ಎರಡನೇ ಕೋಟ್ ಕೊಡಿ. ಈ ಸಲ 266 ಮಿಲಿ ಹೋದರೆ ಬಣ್ಣ 190 ಮಿಲಿ. ಎರಡೂ ಸೇರಿ 50 ಚದರ ಅಡಿಗೆ 440 ಮಿಲಿ, ಅಂದರೆ ಲೀಟರಿಗೆ 114 ಚದರ ಅಡಿ. ಡಬ್ಬದ 130 ಅಲ್ಲ. ಪರೀಕ್ಷೆಗೆ ಹೋದ ಬಣ್ಣ ಗೋಡೆಯ ಮೇಲೆಯೇ ಇರುವುದರಿಂದ ನಷ್ಟವೇನೂ ಇಲ್ಲ.

ಈ ದರದಲ್ಲಿ ನಮ್ಮ 306 ಚದರ ಅಡಿಗೆ 2.7 ಲೀಟರ್ ಬೇಕು. ರೋಲರ್, ಬಕೆಟ್‌ಗೆಂದು 200 ಮಿಲಿ ಸೇರಿಸಿದರೆ 2.9. ಮೂರು ಲೀಟರ್ ತಂದರೆ ಕೆಲಸ ಮುಗಿಯುತ್ತದೆ. 440ರ ಲೆಕ್ಕ ಹಿಡಿದವರು ಇದೇ ದರದಲ್ಲಿ 4 ಲೀಟರಿನ ಡಬ್ಬ ತರುತ್ತಾರೆ. ಒಂದು ಲೀಟರ್ ಮಿಕ್ಕರೆ ಏನಾಯಿತು ಎನ್ನಬಹುದು. ಮನೆಯೆಲ್ಲ ಒಂದೇ ಬಿಳಿಯಾದರೆ ಏನೂ ಆಗದು, ಮಿಕ್ಕದ್ದು ಪಕ್ಕದ ಕೋಣೆಗೆ ಹೋಗುತ್ತದೆ. ಆದರೆ ಈಗ ಕೋಣೆಗೊಂದು ಶೇಡ್. ಅಂಗಡಿಯ ಯಂತ್ರದಲ್ಲಿ ಬಣ್ಣ ಬೆರೆಸಿದ ಡಬ್ಬವನ್ನು ಸಾಮಾನ್ಯವಾಗಿ ವಾಪಸು ತೆಗೆದುಕೊಳ್ಳುವುದಿಲ್ಲ. ಮೂರು ಕೋಣೆಗೆ ಮೂರು ಶೇಡಾದರೆ ಮೂರು ಲೀಟರ್ ಅಟ್ಟ ಸೇರುತ್ತದೆ. ಕಡಿಮೆ ತರುವುದೂ ಅಪಾಯವೇ. ಮತ್ತೆ ಬೆರೆಸಿ ತಂದದ್ದು ಕೂದಲೆಳೆಯಷ್ಟು ಬೇರೆಯಾಗಿದ್ದರೂ ಗೋಡೆಯ ನಡುವೆ ಗೆರೆ ಎದ್ದು ಕಾಣುತ್ತದೆ. ಅದಕ್ಕೇ ಪರೀಕ್ಷೆಗೆ ತಂದ ಲೀಟರಿನಲ್ಲಿ ಮಿಕ್ಕದ್ದನ್ನೂ ಹೊಸದನ್ನೂ ಒಂದೇ ಬಕೆಟಿಗೆ ಸುರಿದು ಕದಡಿ, ಪರೀಕ್ಷೆಯ ಜಾಗವೂ ಸೇರಿದಂತೆ ಗೋಡೆಗಳಿಗೆಲ್ಲ ಕೊನೆಯ ಕೋಟನ್ನು ಅದರಿಂದಲೇ ಹಚ್ಚಬೇಕು. ಪರೀಕ್ಷೆಯ ಜಾಗಕ್ಕೆ ಹೀಗೆ ಇನ್ನೊಂದು ಕೋಟ್ ಬೀಳುತ್ತದಾದ್ದರಿಂದ ಆ 190 ಮಿಲಿಯನ್ನೂ ಸೇರಿಸಿ ಮೂರು ಲೀಟರಿಗೆ ಚೂರು ಮೇಲಾಗುತ್ತದೆ. ಬಿಗಿಯಾಗಬಾರದೆಂದರೆ ಪರೀಕ್ಷೆಯನ್ನು ವಾರ್ಡ್‌ರೋಬಿನ ಎದುರಿನ ಗೋಡೆಯ ಬದಲು ಬಾಗಿಲ ಹಿಂದಿನ ಮೂಲೆಯಲ್ಲಿ ಮಾಡಿ, ಅಲ್ಲಿಗೆ ಎರಡೇ ಕೋಟ್ ಸಾಕೆಂದು ಬಿಡಬಹುದು.

ಗಾಢ ನೀಲಿಯ ಮೇಲೆ ತಿಳಿ ಬಣ್ಣ ಹಾಕುವಾಗ, ಇಲ್ಲವೇ ಕಡು ಹಳದಿ, ಕೆಂಪು ಆರಿಸಿಕೊಂಡಾಗ ಎರಡು ಕೋಟ್ ಮುಚ್ಚದೇ ಹೋಗಬಹುದು. ಮೂರನೆಯದು ಬೇಕೋ ಎಂಬುದನ್ನು ಹಸಿ ಇರುವಾಗ ತೀರ್ಮಾನಿಸಬಾರದು, ಒಣಗಿದ ಮೇಲೆ ಹಗಲಲ್ಲಿ ನೋಡಬೇಕು. ಬೇಕೆಂದಾದರೆ ಅದು ಎರಡನೆಯ ಕೋಟಿನ ದರದಲ್ಲೇ ಹೋಗುತ್ತದೆ: 50 ಚದರ ಅಡಿಗೆ 190 ಮಿಲಿ, ಕೋಣೆಗೆ ಸುಮಾರು 1.2 ಲೀಟರ್.

ಇನ್ನು ಪೇಂಟರ ಜೊತೆಗಿನ ಮಾತು. ಸಾಮಾನು ಸೇರಿ ಚದರ ಅಡಿಗೆ ಇಷ್ಟು ಎಂಬ ಒಂದೇ ದರ ಒಪ್ಪಿಕೊಂಡಾಗ ಕೂಲಿಯ ಅಳತೆ, ಬಣ್ಣದ ಅಳತೆ ಬೆರೆತುಹೋಗುತ್ತವೆ. ಕಿಟಕಿ ಕಳೆದರೆ ಅವರ ದುಡಿಮೆಗೆ ಪೆಟ್ಟು, ಕಳೆಯದಿದ್ದರೆ ಇಲ್ಲದ ಬಣ್ಣಕ್ಕೆ ನಿಮ್ಮ ದುಡ್ಡು. ಚೀಟಿಯಲ್ಲಿ ಎರಡು ಸಾಲು ಬೇರೆ ಬೇರೆ ಬರೆಸಿಕೊಳ್ಳಿ. ಕೂಲಿ: 440 ಚದರ ಅಡಿ, ಕಿಟಕಿ ಬಾಗಿಲು ಕಳೆಯದೆ. ಬಣ್ಣ: 306 ಚದರ ಅಡಿ, ಎರಡು ಕೋಟ್, ಮೂರು ಲೀಟರ್, ನೀವೇ ತಂದುಕೊಡುವುದು. ವಾರ್ಡ್‌ರೋಬಿನ 70 ಚದರ ಅಡಿಗೂ ಕೂಲಿ ಕೊಡಬೇಕೇ ಎಂಬುದನ್ನು ಮಾತ್ರ ಮೊದಲೇ ಕೂತು ಮಾತಾಡಿಕೊಳ್ಳಬೇಕು. ಕಿಟಕಿಯಂತೆ ಅದಕ್ಕೆ ನಾಲ್ಕು ಕಡೆ ಅಂಚು ಬಿಡಿಸುವ ಕೆಲಸವಿಲ್ಲ, ಕಳೆಯುವುದೇ ನ್ಯಾಯವೆಂದು ನನಗನ್ನಿಸುತ್ತದೆ.