ಚೆಸ್ಕಿ ಪತ್ರ: ಹೇಳಿದ್ದು, ಬಿಟ್ಟದ್ದು

2020ರ ಮೇ 5ರಂದು ಏರ್‌ಬಿಎನ್‌ಬಿಯ ಸಹಸಂಸ್ಥಾಪಕ ಬ್ರಯಾನ್ ಚೆಸ್ಕಿ ನೌಕರರಿಗೆ ಬರೆದ ಪತ್ರವನ್ನು ಕಷ್ಟಕಾಲದ ಬರವಣಿಗೆಗೆ ಮಾದರಿಯೆಂದು ಈಗಲೂ ತೋರಿಸುವವರಿದ್ದಾರೆ. ಆ ಹೊಗಳಿಕೆ ಮುಕ್ಕಾಲು ಪಾಲು ಸರಿ.

ಪತ್ರ ಸುತ್ತಿಬಳಸುವುದಿಲ್ಲ. ಕೊರೊನಾದಿಂದ ಜನರ ಓಡಾಟವೇ ನಿಂತಿದೆ, ಈ ವರ್ಷದ ಆದಾಯ 2019ರ ಅರ್ಧಕ್ಕಿಂತ ಕಡಿಮೆಯಾಗುವ ಅಂದಾಜಿದೆ, 7,500 ಮಂದಿಯಲ್ಲಿ ಸುಮಾರು 1,900 ಮಂದಿ ಹೋಗಬೇಕಾಗುತ್ತದೆ ಎಂದು ನೇರವಾಗಿಯೇ ಹೇಳುತ್ತದೆ. ಪ್ರಯಾಣ ಮತ್ತೆ ಯಾವಾಗ ಶುರುವಾಗುತ್ತದೋ ತಮಗೆ ಗೊತ್ತಿಲ್ಲ ಎಂದೂ ಒಪ್ಪಿಕೊಳ್ಳುತ್ತದೆ. ಆಮೇಲೆ ಯಾವ ವಿಭಾಗ ನಿಲ್ಲುತ್ತದೆ, ಯಾವುದು ಕುಗ್ಗುತ್ತದೆ ಎಂಬ ವಿವರ: ಸಾರಿಗೆಯ ಯೋಜನೆ ಮತ್ತು ಸ್ಟುಡಿಯೋ ಸ್ಥಗಿತ, ಹೋಟೆಲ್ ಮತ್ತು ಐಷಾರಾಮಿ ಮನೆಗಳ ವ್ಯವಹಾರಕ್ಕೆ ಕತ್ತರಿ.

ಓದುವವರಿಗೆ ಧೈರ್ಯ ಬರುವುದು ಇದರ ಮುಂದಿನ ಭಾಗದಲ್ಲಿ. ಅಮೆರಿಕದಲ್ಲಿ ಕೆಲಸ ಕಳೆದುಕೊಂಡವರಿಗೆ 14 ವಾರದ ಮೂಲ ವೇತನ, ದುಡಿದ ಪ್ರತಿ ವರ್ಷಕ್ಕೂ ಇನ್ನೊಂದು ವಾರದ್ದು, ಒಂದು ವರ್ಷದ ಆರೋಗ್ಯ ವಿಮೆ. ಲ್ಯಾಪ್‌ಟಾಪ್ ವಾಪಸ್ ಕೊಡಬೇಕಾಗಿಲ್ಲ. ಸೇರಿ ವರ್ಷ ತುಂಬದವರಿಗೆ ಷೇರು ಸಿಗುವುದಿಲ್ಲ ಎಂಬ ಕಂಪನಿಗಳ ಮಾಮೂಲಿ ನಿಯಮವನ್ನೂ ಚೆಸ್ಕಿ ಕೈಬಿಟ್ಟರು; ಎಂಟೊಂಬತ್ತು ತಿಂಗಳಷ್ಟೇ ದುಡಿದವನೂ ಪಾಲುದಾರನಾಗಿಯೇ ಹೊರಟ. ಅಮೆರಿಕ, ಕೆನಡಾದವರಿಗೆ ಇನ್ನು ಕೆಲವೇ ಗಂಟೆಗಳಲ್ಲಿ ಮೀಟಿಂಗ್‌ಗೆ ಕರೆ ಬರುತ್ತದೆ ಎಂದೂ ಪತ್ರದಲ್ಲೇ ಇದೆ. "ನನ್ನ ಹೆಸರು ಇದೆಯೋ ಇಲ್ಲವೋ" ಎಂದು ವಾರಗಟ್ಟಲೆ ಒದ್ದಾಡಿಸುವ ಕಂಪನಿಗಳ ನಡುವೆ ಇದು ಸಣ್ಣ ಮಾತಲ್ಲ. ಕೊನೆಯಲ್ಲಿ ಬರುವ ಪ್ರೀತಿಯ ಮಾತುಗಳಿಗಿಂತ ನನಗೆ ಈ ಗಡುವೇ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

ಅಂದಾಜು ತಪ್ಪಿತು. 2019ರಲ್ಲಿ ಸುಮಾರು 480 ಕೋಟಿ ಡಾಲರ್ ಇದ್ದ ಆದಾಯ 2020ರಲ್ಲಿ ಸುಮಾರು 338 ಕೋಟಿಗೆ ಇಳಿಯಿತು, ಅರ್ಧಕ್ಕೇನೂ ಬರಲಿಲ್ಲ. ಇದನ್ನು ಪತ್ರದ ದೋಷವೆನ್ನಲಾರೆ. ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ಆದಾಯ ಹಿಂದಿನ ವರ್ಷಕ್ಕಿಂತ ಶೇ. 72ರಷ್ಟು ಬಿದ್ದಿತ್ತು. ಆ ಹೊತ್ತಿಗೆ ಕಣ್ಣಿಗೆ ಕಂಡದ್ದನ್ನೇ ಬರೆದಿದ್ದರು.

ನನ್ನ ತಕರಾರು ಬೇರೆ. ಇದು ನಿಮ್ಮ ತಪ್ಪಲ್ಲ ಎಂದು ಚೆಸ್ಕಿ ಹೋಗುವವರಿಗೆ ಹೇಳುತ್ತಾರೆ. ಹಾಗಾದರೆ ಯಾರದು? ಪತ್ರ ಓದಿದರೆ ಎಲ್ಲವೂ ರೋಗದ್ದೇ ಎನಿಸುತ್ತದೆ. ಆದರೆ ರೋಗ ಬರುವ ಮುಂಚೆ, 2019ರಲ್ಲೇ, ಕಂಪನಿ 67 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಮಾಡಿಕೊಂಡಿತ್ತು. ಸಾರಿಗೆ, ಸ್ಟುಡಿಯೋ ಎಂದು ಮೂಲ ವ್ಯವಹಾರದಿಂದ ದೂರ ಕೈಚಾಚಿದ ನಿರ್ಧಾರ ಮೇಲಿನವರದು. ಅಲ್ಲಿಗೆ ಸೇರಿಕೊಂಡವರು ಆ ನಿರ್ಧಾರವನ್ನು ನಂಬಿ ಬಂದವರು. ಅಷ್ಟು ವಿವರವಾಗಿ ಲೆಕ್ಕ ಒಪ್ಪಿಸಿದ ಪತ್ರದಲ್ಲಿ "ಹರಡಿಕೊಂಡದ್ದು ಜಾಸ್ತಿಯಾಯಿತು, ಆ ತೀರ್ಮಾನ ನನ್ನದು" ಎಂಬ ಒಂದು ಸಾಲಿಗೆ ಜಾಗವಿತ್ತು. ಆ ಸಾಲು ಹೋಗುವವರಿಗಿಂತ ಹೆಚ್ಚಾಗಿ ಬೇಕಿದ್ದದ್ದು ಉಳಿದ 5,600 ಮಂದಿಗೆ, ಮುಂದಿನ ಯೋಜನೆಗೆ ಕೈಹಾಕಬೇಕಾದವರು ಅವರೇ ತಾನೆ.