‘ಕಾಯಕವೇ ಕೈಲಾಸ’ ಯಾರ ನುಡಿ?

‘ಕಾಯಕವೇ ಕೈಲಾಸ’ ಎಂಬ ನುಡಿಯ ಕೆಳಗೆ ಬಸವಣ್ಣನವರ ಹೆಸರನ್ನು ನೀವು ಎಷ್ಟೋ ಸಲ ಕಂಡಿರುವಿರಿ. ಆದರೆ ಈ ನುಡಿ ದೊರೆಯುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ವಚನಕಾರರ ಗುರುತು ಅಂಕಿತ. ಅದು ಸಾಮಾನ್ಯವಾಗಿ ವಚನದ ಕೊನೆಯಲ್ಲಿ ಬರುತ್ತದೆ. ನುಡಿಯೊಂದನ್ನೇ ಬಿಡಿಸಿಕೊಂಡಾಗ ಅಂಕಿತವು ಹಿಂದುಳಿಯುತ್ತದೆ. ಗುರುತಿಲ್ಲದ ನುಡಿ ಹೆಚ್ಚು ಪ್ರಸಿದ್ಧರಾದವರ ಹೆಸರಿಗೆ ಸಲ್ಲುತ್ತದೆ.

ಆದುದರಿಂದ ಮೊದಲು ಪೂರ್ಣ ವಚನವನ್ನು ಅರಸಬೇಕು. 1993ರಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಇದಕ್ಕೆ ಆಧಾರ. ಬಳಿಕ ಅಂಕಿತವನ್ನು ಪೂರ್ತಿಯಾಗಿ ಓದಬೇಕು. ಬಸವಣ್ಣನವರದು ಕೂಡಲಸಂಗಮದೇವ, ಮಾರಯ್ಯನವರದು ಅಮರೇಶ್ವರಲಿಂಗ. ಅವರ ಪತ್ನಿ ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಅರ್ಧವನ್ನೇ ಓದಿದರೆ ಸತಿಯ ಮಾತು ಪತಿಯದೆನಿಸೀತು.

ಇದರಿಂದ ಬಸವಣ್ಣನವರ ಹಿರಿಮೆಗೆ ಕುಂದಿಲ್ಲ. ಅಕ್ಕಿ ಆಯ್ದು ಬದುಕಿದ ಶರಣರ ನುಡಿ ಅವರಿಗೇ ಸಲ್ಲಬೇಕು.